ಆಸ್ಪತ್ರೆ ಹೌಸ್‌ಕೀಪಿಂಗ್ ಟೆಂಡರ್: ರೇಟಿಗೆ 70, ಗುಣಮಟ್ಟಕ್ಕೆ 30. ಟೆಕ್ನಿಕಲ್ ಬಿಡ್ ಹೇಗೆ ಬರೆಯಬೇಕು?

ದಾವಣಗೆರೆ ಶಶಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹೌಸ್‌ಕೀಪಿಂಗ್ ಏಜೆನ್ಸಿ. ಒಟ್ಟು 240 ಜನ ಇದ್ದಾರೆ. ಎರಡು ನರ್ಸಿಂಗ್ ಹೋಮ್, ಒಂದು ಇಂಜಿನಿಯರಿಂಗ್ ಕಾಲೇಜು, ಕೆಲವು ಬ್ಯಾಂಕ್ ಶಾಖೆಗಳ ಕೆಲಸ ಮಾಡುತ್ತಿದ್ದೇವೆ. ಈಗ ಕೇಂದ್ರ ಸರ್ಕಾರದ ಅಧೀನದ ಒಂದು ಆಸ್ಪತ್ರೆಯ ಟೆಂಡರ್ ಬಂದಿದೆ. 300 ಹಾಸಿಗೆ, ಮೂರು ವರ್ಷದ ಗುತ್ತಿಗೆ.

ಇಷ್ಟು ವರ್ಷ ನಾವು ಹಾಕಿದ್ದೆಲ್ಲ ಎಲ್1 ಟೆಂಡರ್. ಕಡಿಮೆ ರೇಟ್ ಯಾರದೋ ಅವರಿಗೆ ಕೆಲಸ. ಇದು ಹಾಗಲ್ಲ. ಟೆಕ್ನಿಕಲ್‌ಗೆ 30, ಬೆಲೆಗೆ 70 ಅಂತ ಇದೆ. ಟೆಕ್ನಿಕಲ್‌ನ 100 ಅಂಕ ಹೀಗೆ ಹಂಚಿದ್ದಾರೆ: ಅನುಭವ 25, ವಹಿವಾಟು 15, ನಮ್ಮ ರೋಲ್‌ನಲ್ಲಿರುವ ಜನ 15, ಐಎಸ್‌ಒ ಸರ್ಟಿಫಿಕೇಟ್ 10, ಕೆಲಸದ ವಿಧಾನ ಮತ್ತು ಪ್ರೆಸೆಂಟೇಶನ್ 35. ಕನಿಷ್ಠ 60 ಬರಲೇಬೇಕು. ದಿನಕ್ಕೆ ಮೂರು ಪಾಳಿ ಸೇರಿ 60 ಪೋಸ್ಟ್, ವಾರದ ಏಳೂ ದಿನ.

ಕಳೆದ ಸಲ ಬೇರೆ ಕಡೆ ಕೊಟ್ಟ ಟೆಕ್ನಿಕಲ್ ಫೈಲ್ ಇದೆ. ಕಂಪನಿ ಪರಿಚಯ, ಫೋಟೋ, ಸರ್ಟಿಫಿಕೇಟ್ ಎಲ್ಲ ಸೇರಿ ದಪ್ಪಗಿದೆ. ಅದನ್ನೇ ಚೆನ್ನಾಗಿ ಬರೆದು ಕೊಟ್ಟರೆ ಸಾಕಾ? ನಮ್ಮ ರೇಟ್ ಕೆಳಗಿನವರಿಗಿಂತ ಎಷ್ಟು ಜಾಸ್ತಿ ಇದ್ದರೂ ಗೆಲ್ಲಬಹುದು? ಆಳುಗಳ ಪಿಎಫ್, ರಜೆ ಯಾವುದನ್ನೂ ತಪ್ಪಿಸಿ ರೇಟ್ ಇಳಿಸುವ ಕೆಲಸ ನಾವು ಮಾಡುವುದಿಲ್ಲ. ಆ ದಾರಿ ಬಿಟ್ಟು ಹೇಳಿ.

ಗುತ್ತಿಗೆ ಬಸಣ್ಣ

ಶಶಿ ಅಕ್ಕಾ, ಇಪ್ಪತ್ತು ವರ್ಷದಿಂದ ಸರ್ಕಾರಿ ಗುತ್ತಿಗೆ ನೋಡಿದವನು ನಾನು. ಕ್ಲೀನಿಂಗ್ ಕೆಲಸ ಅಂದ್ರೆ ಕೊನೆಗೆ ಎಲ್1 ಅಷ್ಟೇ. ಗುಣಮಟ್ಟಕ್ಕೆ ಅಂಕ ಕೊಡೋದು ಕನ್ಸಲ್ಟೆಂಟ್‌ಗಳ ಟೆಂಡರ್‌ಗೆ ಮಾತ್ರ. ಸುಮ್ನೆ ಟೆಕ್ನಿಕಲ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಕೂಲಿ, ಪಿಎಫ್, ಇಎಸ್‌ಐ ಎಲ್ಲರಿಗೂ ಒಂದೇ. ಸರ್ವಿಸ್ ಚಾರ್ಜ್ ಸೊನ್ನೆ ಹಾಕಿ, ಕೆಲಸ ಹಿಡಿಯಿರಿ.

ಲೆಕ್ಕದ ಹೆಗಡೆ

ಬಸಣ್ಣನವರು ಹೇಳಿದ್ದು ಹಿಂದಿನ ಕಾಲಕ್ಕೆ ಸರಿ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರಂದು ಖರೀದಿ ಬಗ್ಗೆ ಹೊಸ ಸೂಚನೆ ಹೊರಡಿಸಿತು. 10 ಕೋಟಿ ರೂಪಾಯಿ ಮೀರದ ಇಂಥ ಸೇವೆಗಳಿಗೂ ಗುಣಮಟ್ಟದ ಅಂಕ ಸೇರಿಸಬಹುದು ಅಂತ ಅದರಲ್ಲಿದೆ. ಆದರೆ ಆ ಅಂಕದ ತೂಕ 30ನ್ನು ಮೀರುವಂತಿಲ್ಲ. ನಿಮ್ಮ ಟೆಂಡರ್‌ನ 70:30 ಬಂದಿದ್ದು ಅಲ್ಲಿಂದಲೇ.

ಸೊನ್ನೆ ಸರ್ವಿಸ್ ಚಾರ್ಜ್ ಹಾಕಲೇಬೇಡಿ. ಅಂಥ ಬಿಡ್‌ನ್ನು ಪರಿಗಣಿಸಬಾರದು ಅಂತ ಅದೇ ಸಚಿವಾಲಯ 2014ರಲ್ಲೇ ಹೇಳಿದೆ. ತೆಗೆದುಕೊಳ್ಳುವ ಮೊದಲೇ ಹೊರಗೆ ಹೋಗುತ್ತೀರಿ.

ನಾನು ನಿವೃತ್ತ ಲೆಕ್ಕಾಧಿಕಾರಿ. ಇಂಥ ಸಮಿತಿಗಳಲ್ಲಿ ಕೂತಿದ್ದೇನೆ. ಶಶಿಯವರೇ, ಬರೆಯುವ ಮೊದಲು ನಿಮಗೆ ನೀವೇ ಅಂಕ ಹಾಕಿಕೊಳ್ಳಿ. ಸಮಿತಿ ಹಾಕುವ ಹಾಗೆಯೇ, ಕಟ್ಟುನಿಟ್ಟಾಗಿ. ದೊಡ್ಡ ಕಂಪನಿ ಒಂದಕ್ಕೆ, ಕಡಿಮೆ ರೇಟಿನ ಲೋಕಲ್ ಏಜೆನ್ಸಿ ಒಂದಕ್ಕೆ ಕೂಡ ಹಾಕಿ. ಇಲ್ಲಿ ತಿಳಿಸಿ, ಲೆಕ್ಕ ಮಾಡೋಣ.

ಪುರಸಭೆ ಮಿತ್ರ

ಪೌರಕಾರ್ಮಿಕರನ್ನು ಗುತ್ತಿಗೆಯಲ್ಲಿ ತೆಗೆದುಕೊಳ್ಳೋದು ನಿಂತು ನೇರ ನೇಮಕ ಆಗಬೇಕು ಅಂತ ಹೋರಾಟ ನಡೆದಿತ್ತಲ್ಲ? ಮತ್ತೆ ಈ ಟೆಂಡರ್ ಹೇಗೆ ಕರೆದರು?

ದಾವಣಗೆರೆ ಶಶಿ

ಸರ್, ಇದು ಬೀದಿ ಗುಡಿಸುವ ಕೆಲಸ ಅಲ್ಲ. ಆಸ್ಪತ್ರೆ ಕಟ್ಟಡದ ಒಳಗಿನ ಹೌಸ್‌ಕೀಪಿಂಗ್.

ಹೆಗಡೆ ಸರ್, ಅಂಕ ಹಾಕಿದೆ. ನಮಗೆ ಅನುಭವ 18, ವಹಿವಾಟು 8, ಜನ 10, ಐಎಸ್‌ಒ 10. ಒಟ್ಟು 46. ದೊಡ್ಡ ಕಂಪನಿಗೆ ಈ ನಾಲ್ಕರಲ್ಲೂ ಪೂರ್ತಿ ಬರುತ್ತದೆ, 65. ಲೋಕಲ್ ಏಜೆನ್ಸಿಗೆ 36 ಬರಬಹುದು. ಉಳಿದ 35 ಅಂಕಕ್ಕೆ ಏನು ಹಾಕಲಿ?

ಲೆಕ್ಕದ ಹೆಗಡೆ

ಅದೇ ಮುಖ್ಯ. ಮೊದಲ ನಾಲ್ಕು ಸಾಲಿನಲ್ಲಿ ನೀವು ಈ ತಿಂಗಳು ಏನು ಮಾಡಿದರೂ ಅಂಕ ಜಾಸ್ತಿ ಆಗುವುದಿಲ್ಲ. ಇದ್ದದ್ದು ಕಳೆದುಹೋಗದಂತೆ ನೋಡಿಕೊಳ್ಳಬಹುದು ಅಷ್ಟೇ. ವರ್ಕ್ ಆರ್ಡರ್ ಒಂದನ್ನೇ ಲಗತ್ತಿಸಿ ಅನುಭವದಲ್ಲಿ ಸೊನ್ನೆ ಪಡೆದವರನ್ನು ಕಂಡಿದ್ದೇನೆ. ಕೆಲಸ ಎಂದಿನಿಂದ ಎಂದಿನವರೆಗೆ ನಡೆಯಿತು, ಎಷ್ಟು ಮೊತ್ತ, ತೃಪ್ತಿಕರವಾಗಿತ್ತೇ ಅನ್ನುವ ಸಹಿ ಇರುವ ಪತ್ರ ಬೇಕು. ಜನರ ಸಂಖ್ಯೆಗೆ ನಿಮ್ಮ ಲೆಟರ್‌ಹೆಡ್ ಸಾಲದು, ಪ್ರತಿ ತಿಂಗಳು ಆಳುಗಳ ಹೆಸರು ಸಮೇತ ಪಿಎಫ್‌ಗೆ ಸಲ್ಲಿಸುವ ಲೆಕ್ಕಪಟ್ಟಿ, ಅಂದರೆ ಇಸಿಆರ್ ಬೇಕು.

ಈಗ ಲೆಕ್ಕ. S ಅಂದರೆ ಒಟ್ಟು ಅಂಕ, T ಒಬ್ಬರ ಟೆಕ್ನಿಕಲ್ ಅಂಕ, Tmax ಎಲ್ಲರಲ್ಲಿ ಹೆಚ್ಚಿನ ಟೆಕ್ನಿಕಲ್ ಅಂಕ, L ಒಬ್ಬರ ಬೆಲೆ, Lmin ಎಲ್ಲರಲ್ಲಿ ಕಡಿಮೆ ಬೆಲೆ. ಸಾಮಾನ್ಯ ಸೂತ್ರ ಹೀಗಿರುತ್ತದೆ:

```
S = 30 × (T ÷ Tmax) + 70 × (Lmin ÷ L)
```

ದೊಡ್ಡ ಕಂಪನಿ ಎಲ್ಲ ಕಡೆ ಕೊಡುವ ಹಳೆಯ ಫೈಲನ್ನೇ ಕೊಟ್ಟು ವಿಧಾನದಲ್ಲಿ 18 ಪಡೆಯಿತು ಅನ್ನಿ. ಅವರಿಗೆ 83. ನೀವು ಚೆನ್ನಾಗಿ ಬರೆದು 30 ಪಡೆದಿರಿ, ನಿಮಗೆ 76. ಲೋಕಲ್‌ನವರು 24 ಪಡೆದು 60 ಮುಟ್ಟಿದರು. ಬೆಲೆ: ಲೋಕಲ್‌ನವರದು 100, ನಿಮ್ಮದು 106, ದೊಡ್ಡವರದು 112 ಇರಲಿ.

ಲೋಕಲ್‌ಗೆ 21.7 + 70, ಅಂದರೆ 91.7. ದೊಡ್ಡವರಿಗೆ 30 + 62.5, ಅಂದರೆ 92.5. ನಿಮಗೆ 27.5 + 66, ಅಂದರೆ 93.5. ನೀವು ಗೆದ್ದಿರಿ, ಆದರೆ ಕೂದಲೆಳೆಯ ಅಂತರದಲ್ಲಿ.

ನೀವೂ ಹಳೆಯ ಫೈಲ್ ಕೊಟ್ಟು 30ರ ಬದಲು 20 ಪಡೆದಿರಿ ಅನ್ನಿ. ನಿಮ್ಮ ಒಟ್ಟು 89.9ಕ್ಕೆ ಇಳಿದು ಮೂರನೇ ಜಾಗಕ್ಕೆ ಹೋಗುತ್ತೀರಿ. ಆ ಹತ್ತು ಅಂಕವನ್ನು ಬೆಲೆಯಲ್ಲಿ ತುಂಬಿಕೊಳ್ಳಬೇಕಾದರೆ 106 ಇದ್ದದ್ದನ್ನು ನೂರರ ಹತ್ತಿರಕ್ಕೆ ತರಬೇಕು. ಅಂದರೆ ವಿಧಾನದ ಒಂದೊಂದು ಅಂಕವೂ ನಿಮ್ಮ ಬೆಲೆಯ ಸುಮಾರು ಅರ್ಧ ಪರ್ಸೆಂಟಿಗೆ ಸಮ. ತಿಂಗಳಿಗೆ 20 ಲಕ್ಷದ ಬಿಲ್ ಆದರೆ ಒಂದು ಅಂಕಕ್ಕೆ ಹತ್ತು ಸಾವಿರ ರೂಪಾಯಿ, ಪ್ರತಿ ತಿಂಗಳೂ. ಆ 35 ಅಂಕದ ಪುಟಗಳನ್ನು ಈ ಲೆಕ್ಕ ಇಟ್ಟುಕೊಂಡು ಬರೆಯಿರಿ.

ಒಂದು ಎಚ್ಚರಿಕೆ. ಕೆಲವು ಟೆಂಡರ್‌ಗಳಲ್ಲಿ Tmax ಇರುವುದಿಲ್ಲ, ಬಂದ ಅಂಕವನ್ನೇ ನೇರವಾಗಿ 0.3ರಿಂದ ಗುಣಿಸುತ್ತಾರೆ. ಆಗ ಮೇಲಿನ ಲೆಕ್ಕದಲ್ಲೇ ನಿಮಗೆ 88.8, ಲೋಕಲ್‌ನವರಿಗೆ 88. ಅಂತರ ಅರ್ಧಕ್ಕಿಂತ ಕಡಿಮೆ ಆಯಿತು. ನಿಮ್ಮ ದಾಖಲೆಯಲ್ಲಿ ಯಾವುದಿದೆ?

ದಾವಣಗೆರೆ ಶಶಿ

"ಟೆಕ್ನಿಕಲ್ ಅಂಕಕ್ಕೆ 30% ತೂಕ" ಅಂತ ಮಾತ್ರ ಇದೆ ಸರ್. ಸೂತ್ರ ಬರೆದಿಲ್ಲ. ಪ್ರೀ-ಬಿಡ್ ಮೀಟಿಂಗ್‌ಗೆ ಇನ್ನೂ ಟೈಮ್ ಇದೆ.

ಮೈಸೂರು ಪ್ರಕಾಶ

ಹೆಗಡೆ ಸರ್ ಲೆಕ್ಕ ಚೆನ್ನಾಗಿದೆ. ಆದರೆ ಅದರಲ್ಲಿ ಲೋಕಲ್‌ನವರು 100, ಶಶಿ ಮೇಡಂ 106 ಅಂತ ಹಿಡಿದಿದ್ದಾರೆ. ನಿಜದಲ್ಲಿ ಅಂತರ ಅಷ್ಟರಲ್ಲಿ ನಿಲ್ಲುವುದಿಲ್ಲ. ನಾನು ದೊಡ್ಡ ಫೆಸಿಲಿಟಿ ಕಂಪನಿಗಳಲ್ಲಿ ಆಪರೇಶನ್ಸ್ ನೋಡಿಕೊಂಡವನು, ಈ ಜಾಗದಲ್ಲೇ ಒಳ್ಳೆಯ ಬಿಡ್‌ಗಳು ಸಾಯುತ್ತವೆ.

ಮೇಡಂ, ನಿಮ್ಮ ಬೆಲೆ ನಮೂನೆಯಲ್ಲಿ ಏನು ಕೇಳಿದ್ದಾರೆ? "ಪ್ರತಿ ವ್ಯಕ್ತಿಗೆ ಪ್ರತಿ ತಿಂಗಳು" ಅಂತ ಇದೆಯಾ?

ದಾವಣಗೆರೆ ಶಶಿ

ಹೌದು ಸರ್. 60 ವ್ಯಕ್ತಿ, ತಿಂಗಳ ದರ, ಒಟ್ಟು.

ಮೈಸೂರು ಪ್ರಕಾಶ

ಹಾಗಾದರೆ ಕೇಳಿ. 60 ಪೋಸ್ಟ್, 365 ದಿನ. ವರ್ಷಕ್ಕೆ 21,900 ಪಾಳಿ ತುಂಬಬೇಕು. ಒಬ್ಬ ಕೆಲಸಗಾರ ವರ್ಷದಲ್ಲಿ ಎಷ್ಟು ದಿನ ನಿಜವಾಗಿ ಬರುತ್ತಾನೆ? 52 ವಾರದ ರಜೆ ತೆಗೆಯಿರಿ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಕೊಡಬೇಕಾದ 10 ರಾಷ್ಟ್ರೀಯ ಮತ್ತು ಹಬ್ಬದ ರಜೆ ತೆಗೆಯಿರಿ. ಸಂಬಳ ಸಹಿತ ರಜೆ ಒಂದು 15 ದಿನ ಹಿಡಿಯಿರಿ. ಉಳಿದದ್ದು 288 ದಿನ. 21,900ನ್ನು 288ರಿಂದ ಭಾಗಿಸಿದರೆ 76. ಅಂದರೆ 60 ಪೋಸ್ಟ್ ನಡೆಸಲು 76 ಜನ ರೋಲ್‌ನಲ್ಲಿ ಬೇಕು. ಆ 16 ಜನರೇ ರಿಲೀವರ್‌ಗಳು.

ದಿನಗೂಲಿ 700 ಅಂತ ಇಟ್ಟುಕೊಳ್ಳಿ. ಇದು ಉದಾಹರಣೆಗೆ ಮಾತ್ರ, ನಿಮ್ಮ ವಲಯದ ಆ ದಿನದ ದರ ನೋಡಿ ಹಾಕಬೇಕು. 26 ದಿನಕ್ಕೆ 18,200. ಮಾಲೀಕರ ಪಾಲು: 15,000ದ ಮೇಲೆ ಪಿಎಫ್ 13%, ಪೂರ್ತಿ ಸಂಬಳದ ಮೇಲೆ ಇಎಸ್‌ಐ 3.25%, ಬೋನಸ್ 8.33%, ಗ್ರಾಚ್ಯುಟಿಗೆ 4.81%. ಎಲ್ಲ ಸೇರಿ ಒಬ್ಬರಿಗೆ ಸುಮಾರು 23,130 ರೂಪಾಯಿ. 60 ಜನಕ್ಕೆ 13.9 ಲಕ್ಷ. 76 ಜನಕ್ಕೆ 17.6 ಲಕ್ಷ.

ಕಡಿಮೆ ರೇಟಿನವರು 60 ಜನಕ್ಕೆ ಕೋಟ್ ಮಾಡುತ್ತಾರೆ. ನೀವು 76 ಜನರ ಖರ್ಚು ಹಾಕುತ್ತೀರಿ. ನಿಮ್ಮ ಬೆಲೆ 27% ಜಾಸ್ತಿ. ಹೆಗಡೆ ಸರ್ ಸೂತ್ರದಲ್ಲೇ 106ರ ಜಾಗದಲ್ಲಿ 127 ಹಾಕಿ ನೋಡಿ.

ಲೆಕ್ಕದ ಹೆಗಡೆ

ಹಾಕಿದೆ. ನಿಮಗೆ 82.6, ಲೋಕಲ್‌ನವರಿಗೆ 91.7. ವಿಧಾನದಲ್ಲಿ 35ಕ್ಕೆ 35 ಬಂದರೂ ಈ ಅಂತರ ಮುಚ್ಚುವುದಿಲ್ಲ. ಪ್ರಕಾಶರು ಎತ್ತಿದ್ದು ನಾನು ಬಿಟ್ಟ ಅಂಶ.

ಫ್ಲಾಟ್ 304

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಹೀಗೇ ಆಯಿತು. ಬೆಂಗಳೂರು, ದೊಡ್ಡ ಸೊಸೈಟಿ. ಮೂರು ಕೊಟೇಶನ್‌ನಲ್ಲಿ ಕಡಿಮೆಯದನ್ನು ಕಮಿಟಿ ಒಪ್ಪಿತು. ಭಾನುವಾರ ಬಂದರೆ ಅರ್ಧ ಜನ ಇಲ್ಲ. ಕೇಳಿದರೆ "ಇವತ್ತು ವೀಕ್ಲಿ ಆಫ್ ಸರ್" ಅನ್ನುತ್ತಾರೆ. ಉಳಿದವರು ಎರಡು ಬ್ಲಾಕ್ ಮಾಡಬೇಕು, ಪಾಪ. ಕೆಲವು ತಿಂಗಳಲ್ಲಿ ಹಳೇ ಮುಖ ಒಂದೂ ಉಳಿಯಲಿಲ್ಲ. ನಾವು ರಿಲೀವರ್ ಬಗ್ಗೆ ಕೇಳಬೇಕಿತ್ತು ಅಂತ ಈಗ ಗೊತ್ತಾಯಿತು. ಅಪಾರ್ಟ್‌ಮೆಂಟ್‌ಗೂ ಇದೇ 76ರ ಲೆಕ್ಕ ನಡೆಯುತ್ತಾ?

ಮೈಸೂರು ಪ್ರಕಾಶ

ನಡೆಯುತ್ತದೆ ಸರ್. ಏಳೂ ದಿನ ಜನ ಬೇಕು ಅಂದರೆ 365 ಭಾಗಿಸು 288, ಒಂದು ಪೋಸ್ಟಿಗೆ 1.27 ಜನ. ಭಾನುವಾರ ಕಡಿಮೆ ಜನ ಸಾಕು ಅಂದರೆ ಅಷ್ಟು ಬೇಡ. ನಿಮ್ಮ ಈಗಿನ ಏಜೆನ್ಸಿ ರಿಲೀವರ್ ಇಟ್ಟಿದೆಯಾ ಅಂತ ತಿಳಿಯಲು ಸುಲಭ ದಾರಿ ಇದೆ. ದಿನದ ಡ್ಯೂಟಿ ಚಾರ್ಟ್‌ನಲ್ಲಿ ಎಷ್ಟು ಜನ, ಆ ತಿಂಗಳ ಇಸಿಆರ್‌ನಲ್ಲಿ ನಿಮ್ಮ ಸೈಟಿನ ಹೆಸರುಗಳೆಷ್ಟು ನೋಡಿ. ಎರಡೂ ಒಂದೇ ಆಗಿದ್ದರೆ ರಿಲೀವರ್ ಇಲ್ಲ. ಒಂದೋ ಜನ ರಜೆಯಿಲ್ಲದೆ ದುಡಿಯುತ್ತಿದ್ದಾರೆ, ಇಲ್ಲ ಡಬಲ್ ಡ್ಯೂಟಿ ಮಾಡುತ್ತಿದ್ದಾರೆ, ಇಲ್ಲ ಪೋಸ್ಟ್ ಖಾಲಿ ಇದೆ.

ಶಶಿ ಮೇಡಂ, ಇದಕ್ಕೆ ಟೆಕ್ನಿಕಲ್ ಬಿಡ್‌ನಲ್ಲಿ ಉತ್ತರ ಇಲ್ಲ. ಪ್ರೀ-ಬಿಡ್‌ನಲ್ಲೇ ಈ ತೂತು ಮುಚ್ಚಿಸಬೇಕು. ಬೇರೆಯವರು ಮೋಸ ಮಾಡುತ್ತಾರೆ ಅಂತ ಬರೆಯಬೇಡಿ. ಅವರ ಷರತ್ತನ್ನೇ ಹಿಡಿದು ಕೇಳಿ. ಹೀಗೆ:

"ವಾರದ 7 ದಿನವೂ 60 ಪೋಸ್ಟ್ ತುಂಬಿರಬೇಕು ಎಂದು ಕೆಲಸದ ವ್ಯಾಪ್ತಿಯಲ್ಲಿದೆ. ಬೆಲೆ ನಮೂನೆಯಲ್ಲಿ ಪ್ರತಿ ವ್ಯಕ್ತಿಗೆ ತಿಂಗಳ ದರ ಕೇಳಲಾಗಿದೆ. ವಾರದ ರಜೆ, ಹಬ್ಬದ ರಜೆ ಮತ್ತು ಸಂಬಳ ಸಹಿತ ರಜೆಯ ದಿನಗಳ ಬದಲಿ ಸಿಬ್ಬಂದಿಯ ವೆಚ್ಚ ಈ ದರದಲ್ಲಿ ಸೇರಿರಬೇಕೇ? ಸೇರಿರಬೇಕಾದರೆ, ಎಲ್ಲ ಬಿಡ್‌ಗಳನ್ನೂ ಒಂದೇ ಆಧಾರದ ಮೇಲೆ ಹೋಲಿಸಲು ಪ್ರತಿ ಪಾಳಿಯ ದರ, ವರ್ಷಕ್ಕೆ 21,900 ಪಾಳಿ ಎಂದು ನಮೂನೆ ಬದಲಿಸಲು ಹಾಗೂ ದರದ ವಿವರ ಪಟ್ಟಿ ಕಡ್ಡಾಯ ಮಾಡಲು ಕೋರುತ್ತೇವೆ."

ಅವರು ಒಪ್ಪಿದರೆ ಎಲ್ಲರೂ ಒಂದೇ ನೆಲದ ಮೇಲೆ ಬರುತ್ತಾರೆ. ಆಗ ನಿಮ್ಮ ಒಂದು ಪಾಳಿಯ ಆಳಿನ ಖರ್ಚು 23,130ನ್ನು 24ರಿಂದ ಭಾಗಿಸಿದಷ್ಟು, ಸುಮಾರು 964 ರೂಪಾಯಿ. 288 ದಿನವನ್ನು 12 ತಿಂಗಳಿಗೆ ಹಂಚಿದರೆ 24 ತಾನೇ. 26ರಿಂದ ಭಾಗಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ 890 ಬರುತ್ತದೆ. ಹಬ್ಬದ ರಜೆ, ಸಂಬಳ ಸಹಿತ ರಜೆ ಎರಡರ ದುಡ್ಡೂ ನಿಮ್ಮ ಕೈಯಿಂದಲೇ ಹೋಗುತ್ತದೆ.

ಲೆಕ್ಕದ ಹೆಗಡೆ

ಅದೇ ಪತ್ರದಲ್ಲಿ ಎರಡನೇ ಪ್ರಶ್ನೆಯಾಗಿ ಸೂತ್ರವನ್ನೂ ಕೇಳಿ. ಬಾಯಲ್ಲಿ ಕೇಳಿ ಬಾಯಲ್ಲಿ ಉತ್ತರ ಪಡೆದು ಬರಬೇಡಿ. ತಿದ್ದುಪಡಿಯಾಗಿ ಪೋರ್ಟಲ್‌ನಲ್ಲಿ ಬಂದರೆ ಮಾತ್ರ ಅದು ಟೆಂಡರ್‌ನ ಭಾಗ.

ದರದ ವಿವರ ಪಟ್ಟಿ ಕಡ್ಡಾಯ ಆದರೆ ಇನ್ನೊಂದು ಲಾಭ ಇದೆ. ತೀರಾ ಕಡಿಮೆ ಬೆಲೆ ಬಂದಾಗ ಸಮಿತಿ ಆ ಬಿಡ್‌ದಾರರಿಂದ ಲಿಖಿತ ವಿವರಣೆ ಕೇಳಬಹುದು. ಪಟ್ಟಿ ಕೈಯಲ್ಲಿದ್ದರೆ ಯಾವ ಸಾಲು ಖಾಲಿ ಅಂತ ಬೆರಳಿಟ್ಟು ಕೇಳಲು ಬರುತ್ತದೆ.

ಗುತ್ತಿಗೆ ಬಸಣ್ಣ

ಸೊನ್ನೆ ಬೇಡ ಅಂದ್ರೆ ಜನ ಒಂದು ಪೈಸೆ ಹಾಕ್ತಾರೆ ಹೆಗಡೇರೇ. ಅದು ಸೊನ್ನೆ ಅಲ್ಲ ಅಂತ ವಾದ ಮಾಡ್ತಾರೆ. ಬಿಲ್ ಬರೋದು ಎರಡು ತಿಂಗಳಿಗೆ, ಕೂಲಿ ಕೊಡಬೇಕಾದ್ದು ಏಳನೇ ತಾರೀಕಿಗೆ. ಆ ಬಡ್ಡಿ ಎಲ್ಲಿಂದ ಬರುತ್ತೆ? ಆಳಿನ ಸಂಬಳದಿಂದಲೇ ವಾಪಸ್ ತಗೊಳ್ತಾರೆ. ಇದನ್ನು ನಿಮ್ಮ ಸಮಿತಿ ತಡೆದದ್ದು ನಾನು ನೋಡಿಲ್ಲ.

ಲೆಕ್ಕದ ಹೆಗಡೆ

ಎಲ್ಲ ಕಡೆ ತಡೆದಿಲ್ಲ, ನಿಜ. ಒಂದು ಪೈಸೆಯ ವಿಷಯದಲ್ಲಿ ಒಂದೊಂದು ಕಚೇರಿ ಒಂದೊಂದು ಥರ ನಡೆದುಕೊಳ್ಳುತ್ತದೆ. ಆದರೆ ಬಡ್ಡಿಯ ಮಾತು ಸರಿಯಾಗಿ ಎತ್ತಿದಿರಿ. ಶಶಿಯವರೇ, ಎರಡು ತಿಂಗಳ ಸಂಬಳ ಅಂದರೆ ಸುಮಾರು 35 ಲಕ್ಷ ನಿಮ್ಮ ಕೈಯಿಂದ ಮೊದಲು ಹೋಗಬೇಕು. ಅದರ ಬಡ್ಡಿಯನ್ನು ದರದಲ್ಲಿ ಹಾಕಿ. ಬ್ಯಾಂಕಿನ ಸಾಲದ ಮಿತಿ ಪತ್ರವನ್ನು ಟೆಕ್ನಿಕಲ್‌ನಲ್ಲಿ ಲಗತ್ತಿಸಿ. ಸಂಬಳ ನಿಲ್ಲುವುದಿಲ್ಲ ಅಂತ ಬರೆಯುವುದಕ್ಕಿಂತ ಆ ಪತ್ರ ಬಲವಾಗಿ ಮಾತಾಡುತ್ತದೆ.

ಸಿಸ್ಟರ್ ಫರೀದಾ

ನಾನು ಮಂಗಳೂರಿನಲ್ಲಿ ಆಸ್ಪತ್ರೆಯ ಸೋಂಕು ನಿಯಂತ್ರಣ ನರ್ಸ್. ಇಂಥ ಸಮಿತಿಯಲ್ಲಿ ನಮ್ಮಂಥವರು ಒಬ್ಬರಾದರೂ ಇರುತ್ತಾರೆ. ಆ 35 ಅಂಕದ ಬಗ್ಗೆ ನಾನು ಹೇಳಬಲ್ಲೆ.

ಬಹಳಷ್ಟು ಏಜೆನ್ಸಿಗಳ ಫೈಲ್‌ನಲ್ಲಿ "ಉತ್ತಮ ಗುಣಮಟ್ಟದ ಸೋಂಕುನಿವಾರಕ ಬಳಸುತ್ತೇವೆ" ಅಂತ ಇರುತ್ತದೆ. ಅದಕ್ಕೆ ಏನಂತ ಅಂಕ ಕೊಡಲಿ? ನನಗೆ ಬೇಕಾದ್ದು ಹೀಗಿರಬೇಕು. ವಾರ್ಡಿನ ನೆಲದ ಮೇಲೆ ರಕ್ತ ಬಿತ್ತು. ಯಾರು ಬರುತ್ತಾರೆ? ಸ್ಪಿಲ್ ಕಿಟ್ ಎಲ್ಲಿರುತ್ತದೆ? 1% ಹೈಪೋಕ್ಲೋರೈಟ್ ಯಾರು ಮಾಡಿಡುತ್ತಾರೆ? ನೀವು ತರುವ ದ್ರಾವಣ 5%ದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. 4%ದ್ದಾದರೆ ಒಂದಕ್ಕೆ ಮೂರು. ಇದು ಗೊತ್ತಿಲ್ಲದೆ ಎಲ್ಲಕ್ಕೂ ಒಂದು ಮಗ್ ಸುರಿಯುವುದನ್ನು ದಿನಾ ನೋಡುತ್ತೇವೆ. ಬಿಸಿಲಿನಲ್ಲಿ ಇಟ್ಟ ಕ್ಯಾನ್ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಪ್ರತಿದಿನ ಹೊಸದು ಮಾಡಬೇಕು, ಮಾಡಿದ ಗಂಟೆ ಮತ್ತು ಹೆಸರು ಬಾಟಲಿ ಮೇಲೆ ಬರೆಯಬೇಕು. ಸುರಿದ ಮೇಲೆ ಕನಿಷ್ಠ 10 ನಿಮಿಷ ಬಿಡಬೇಕು. ಕೂಡಲೇ ಒರೆಸಿದರೆ ಹಾಕಿದ್ದೇ ವ್ಯರ್ಥ.

ಮಾಪ್, ಬಟ್ಟೆಗಳ ಬಣ್ಣದ ಪದ್ಧತಿಯೂ ಅಷ್ಟೇ. ಟಾಯ್ಲೆಟ್‌ಗೆ ಕೆಂಪು ಅಂತ ಚಿತ್ರ ಹಾಕಿದರೆ ಸಾಲದು. ಕೆಂಪು ಮಾಪ್‌ಗಳು ಎಷ್ಟು, ಬಳಸಿದ ಮೇಲೆ ಎಲ್ಲಿ ಒಗೆಯುತ್ತೀರಿ, ಒಣಗಿಸಲು ಜಾಗ ಎಲ್ಲಿ? ಸೈಟ್ ನೋಡಲು ಹೋದಾಗ ಇದನ್ನು ಕೇಳಿ ಬನ್ನಿ. ಒದ್ದೆ ಮಾಪ್ ಮೂಲೆಯಲ್ಲಿ ಬಿದ್ದಿದ್ದರೆ ಬೆಳಗ್ಗೆ ಅದರಿಂದಲೇ ರೋಗಾಣು ಹರಡುತ್ತದೆ.

ಇನ್ನೊಂದು. ಆಳುಗಳಿಗೆ ಹೆಪಟೈಟಿಸ್ ಬಿ ಲಸಿಕೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಸೂಜಿ ಚುಚ್ಚುವ ಅಪಾಯ ಅವರಿಗೆ ನಮ್ಮಷ್ಟೇ ಇದೆ. ಖರ್ಚು ಯಾರದು, ರಿಜಿಸ್ಟರ್ ಯಾರು ಇಡುತ್ತಾರೆ ಅಂತ ಬರೆದು ತಂದ ಏಜೆನ್ಸಿಗೆ ನಾನು ಕಣ್ಣು ಮುಚ್ಚಿ ಅಂಕ ಕೊಡುತ್ತೇನೆ. ರಿಲೀವರ್‌ಗಳಿಗೂ ಲಸಿಕೆ ಆಗಿರಬೇಕು ಅಂತ ಸೇರಿಸಿ. ಭಾನುವಾರ ಬರುವ ಹೊಸಬರಿಗೆ ಏನೂ ಆಗಿರುವುದಿಲ್ಲ, ಟ್ರೇನಿಂಗ್ ಕೂಡ.

ಮೈಸೂರು ಪ್ರಕಾಶ

ಸಿಸ್ಟರ್ ಕೊನೆಯ ಮಾತು ಬಹಳ ಮುಖ್ಯ. 76 ಜನ ಕಾಯಂ ರೋಲ್‌ನಲ್ಲಿದ್ದರೆ ಮಾತ್ರ ರಿಲೀವರ್‌ಗೆ ಲಸಿಕೆ, ಟ್ರೇನಿಂಗ್ ಎಲ್ಲ ಆಗುತ್ತದೆ. ನಿಮ್ಮ ವಿಧಾನದ ಪುಟವೂ ಬೆಲೆಯ ಪುಟವೂ ಒಂದೇ ಮಾತು ಹೇಳಬೇಕು ಮೇಡಂ. ಆದರೆ ಬೆಲೆಯ ಅಂಕಿ ಟೆಕ್ನಿಕಲ್ ಕವರ್‌ನಲ್ಲಿ ಎಲ್ಲೂ ಬರಬಾರದು. ಜನ 76 ಅಂತ ಬರೆಯಿರಿ, ರೂಪಾಯಿ ಬರೆಯಬೇಡಿ. ಬರೆದರೆ ಬಿಡ್ ತಿರಸ್ಕಾರ ಆಗುತ್ತದೆ.

ಮೆಷಿನ್ ಬಗ್ಗೆ ಏನು ಬರೆದಿದ್ದೀರಿ?

ದಾವಣಗೆರೆ ಶಶಿ

ಕಾರಿಡಾರ್ ಮತ್ತು ಒಪಿಡಿ ಸೇರಿ 9,000 ಚದರ ಮೀಟರ್ ಇದೆ. ದಿನಕ್ಕೆ ಎರಡು ಸಲ. ಸ್ಕ್ರಬ್ಬರ್ ಡ್ರೈಯರ್ ಒಂದು ಇಡೋಣ ಅಂತ. ಡೀಲರ್ ಕೊಟ್ಟ ಕ್ಯಾಟಲಾಗ್‌ನಲ್ಲಿ ಗಂಟೆಗೆ 2,000 ಚದರ ಮೀಟರ್ ಅಂತ ಇದೆ. ಹಾಗಾದರೆ ಒಂದು ಸಲಕ್ಕೆ ನಾಲ್ಕೂವರೆ ಗಂಟೆ.

ಮೈಸೂರು ಪ್ರಕಾಶ

ಆ 2,000 ಬರೀ ಗುಣಾಕಾರ. ಬ್ರಷ್ ಅಗಲ ಅರ್ಧ ಮೀಟರ್, ವೇಗ ಗಂಟೆಗೆ 4 ಕಿಲೋಮೀಟರ್. ಎಲ್ಲೂ ನಿಲ್ಲದೆ, ತಿರುಗದೆ, ನೀರು ತುಂಬದೆ ನೇರ ಹೋದರೆ ಅಷ್ಟು. ಒಪಿಡಿ ಕಾರಿಡಾರ್‌ನಲ್ಲಿ ಸ್ಟ್ರೆಚರ್, ಕುರ್ಚಿ, ಜನ. ಅದರ ಅರ್ಧ ಬಂದರೆ ಚೆನ್ನಾಗಿ ಬಂದ ಹಾಗೆ. ಗಂಟೆಗೆ 1,000 ಹಿಡಿದರೆ ಒಂದು ಸಲಕ್ಕೆ 9 ಗಂಟೆ, ದಿನಕ್ಕೆ 18. ಅಷ್ಟು ಹೊತ್ತು ಒಂದು ಬ್ಯಾಟರಿ ಮೆಷಿನ್ ಓಡುವುದಿಲ್ಲ, ಮಧ್ಯೆ ಚಾರ್ಜಿಗೆ ನಿಲ್ಲಿಸಬೇಕು. ಎರಡು ಮೆಷಿನ್ ಬೇಕು. ಒಂದು ಸುತ್ತನ್ನು ರಾತ್ರಿ ಪಾಳಿಗೆ ಹಾಕಿ, ಆಗ ದಾರಿ ಖಾಲಿ ಇರುತ್ತದೆ.

ನಿಮ್ಮ ಬಿಡ್‌ನಲ್ಲಿ ಈ ಲೆಕ್ಕವನ್ನೇ ಹಾಕಿ: ಜಾಗ, ಚದರ ಮೀಟರ್, ಗಂಟೆಗೆ ಎಷ್ಟು, ಎಷ್ಟು ಗಂಟೆ, ಯಾವ ಪಾಳಿ, ಎಷ್ಟು ಜನ. ಕಟ್ಟಡದ ಪ್ರತಿ ಮಹಡಿಗೂ ಒಂದು ಸಾಲು. ಈ ಒಂದು ಹಾಳೆ ಇದ್ದರೆ ನೀವು ಸೈಟ್ ನಡೆದು ನೋಡಿದ್ದೀರಿ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಹಳೆಯ ದಪ್ಪ ಫೈಲ್‌ನಲ್ಲಿ ಇದು ಬರಲು ಸಾಧ್ಯವೇ ಇಲ್ಲ.

ಮ್ಯಾಂಚೆಸ್ಟರ್ ವಿನಯ್

ನಾನು ಇಲ್ಲಿ ಯುಕೆಯಲ್ಲಿ ಇದೇ ಕೆಲಸ, ಕ್ಲೀನಿಂಗ್ ಬಿಡ್ ಬರೆಯುತ್ತೇನೆ. ಊರು ಹಾಸನ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ 2021ರಲ್ಲಿ ಬಂದ ಸ್ವಚ್ಛತಾ ಮಾನದಂಡ ಇದೆ. ಜಾಗಗಳನ್ನು ಅಪಾಯದ ಪ್ರಕಾರ ಆರು ವರ್ಗ ಮಾಡಿದ್ದಾರೆ. ಆಪರೇಶನ್ ಥಿಯೇಟರ್‌ನಂಥ ಮೊದಲ ವರ್ಗಕ್ಕೆ ತಪಾಸಣೆಯಲ್ಲಿ 98% ಬರಬೇಕು, ಕೊನೆಯ ವರ್ಗಕ್ಕೆ 75% ಸಾಕು. ನಾವು ಬಿಡ್‌ನಲ್ಲಿ ಯಾವ ವರ್ಗವನ್ನು ಎಷ್ಟು ದಿನಕ್ಕೊಮ್ಮೆ ತಪಾಸಣೆ ಮಾಡುತ್ತೇವೆ, ಕಡಿಮೆ ಬಂದರೆ ಎಷ್ಟು ಹೊತ್ತಿನಲ್ಲಿ ಸರಿಪಡಿಸುತ್ತೇವೆ ಅಂತ ಬರೆಯುತ್ತೇವೆ. ಶಶಿಯವರೇ, ನೀವೂ ಹೀಗೆ ಅಳತೆಯ ಮಾತು ಕೊಡಿ. ಥಿಯೇಟರ್‌ಗೆ 98, ವಾರ್ಡಿಗೆ 95. ಬೇರೆ ಯಾರೂ ಬರೆದಿರುವುದಿಲ್ಲ.

ಮೈಸೂರು ಪ್ರಕಾಶ

ವಿನಯ್, ಐಡಿಯಾ ಒಳ್ಳೆಯದು. ಆದರೆ ಇಲ್ಲಿ ಟೆಕ್ನಿಕಲ್ ಬಿಡ್ ಕೂಡ ಕರಾರಿನ ಭಾಗ ಆಗುತ್ತದೆ. 98 ಅಂತ ಬರೆದು 94 ಬಂದ ತಿಂಗಳು ದಂಡ ಹಾಕಲು ಅದೇ ಕಾಗದ ತೋರಿಸುತ್ತಾರೆ. ನೀರು ಬರದ ದಿನ, ಪ್ಲಂಬಿಂಗ್ ಸೋರುವ ಟಾಯ್ಲೆಟ್, ಇವೆಲ್ಲ ನಮ್ಮ ಕೈಯಲ್ಲಿಲ್ಲ. ನಾನಾದರೆ ತಪಾಸಣೆಯ ಪದ್ಧತಿ ಬರೆಯುತ್ತೇನೆ, ಪರ್ಸೆಂಟ್ ಬರೆಯುವುದಿಲ್ಲ.

ಮ್ಯಾಂಚೆಸ್ಟರ್ ವಿನಯ್

ಅಂಕಿ ಇಲ್ಲದ ತಪಾಸಣೆಗೆ ಬೆಲೆ ಏನು ಸರ್? ಮೊದಲ ಮೂರು ತಿಂಗಳು ಇಬ್ಬರೂ ಸೇರಿ ಅಳೆಯೋದು, ಆ ಮೇಲೆ ಗುರಿ ನಿಗದಿ ಮಾಡೋದು ಅಂತ ಬರೆಯಬಹುದಲ್ಲ. ನೀರು, ಪ್ಲಂಬಿಂಗ್ ದೋಷದ ಅಂಕ ಹೊರಗಿಡಬಹುದು.

ಸಿಸ್ಟರ್ ಫರೀದಾ

ನನಗೆ ವಿನಯ್ ಮಾತು ಹಿಡಿಸಿತು. ಚೆಕ್‌ಲಿಸ್ಟ್‌ನಲ್ಲಿ ಏಜೆನ್ಸಿ ಸೂಪರ್‌ವೈಸರ್ ಸಹಿಯ ಜೊತೆ ವಾರ್ಡ್ ಸಿಸ್ಟರ್ ಸಹಿಯೂ ಇರಲಿ. ಬೆಳಗ್ಗೆಯೇ ಇಡೀ ದಿನದ ಟಿಕ್ ಹಾಕಿಟ್ಟ ಹಾಳೆಗಳನ್ನು ಟಾಯ್ಲೆಟ್ ಬಾಗಿಲ ಹಿಂದೆ ಬೇಕಾದಷ್ಟು ನೋಡಿದ್ದೇನೆ.

ದಾವಣಗೆರೆ ಶಶಿ

ಎಲ್ಲರಿಗೂ ಒಂದು ಅಪ್‌ಡೇಟ್. ಪ್ರೀ-ಬಿಡ್‌ಗೆ ಎರಡೂ ಪ್ರಶ್ನೆ ಕಳಿಸಿದ್ದೆ. ತಿದ್ದುಪಡಿ ಬಂತು. ಪ್ರಕಾಶ್ ಸರ್ ಬರೆದುಕೊಟ್ಟಿದ್ದನ್ನು ಒಪ್ಪಿದ್ದಾರೆ. ಪಾಳಿಯ ದರ ಕೋಟ್ ಮಾಡಬೇಕು, ಬದಲಿ ಸಿಬ್ಬಂದಿ ವೆಚ್ಚ ಸೇರಿಸಿ ವಿವರ ಪಟ್ಟಿ ಕಡ್ಡಾಯ. ಸೂತ್ರದ ಪ್ರಶ್ನೆಗೆ "ಟೆಂಡರ್ ದಾಖಲೆಯಂತೆ" ಅಂತ ಒಂದೇ ಸಾಲಿನ ಉತ್ತರ. ಅಲ್ಲಿ ಸೂತ್ರವೇ ಇಲ್ಲ.

ಈಗ ನನ್ನ ಅಂದಾಜಿನಲ್ಲಿ ಲೋಕಲ್‌ನವರಿಗಿಂತ 7ರಿಂದ 8% ಮೇಲೆ ಇರುತ್ತೇನೆ. ಎರಡನೇ ಮೆಷಿನ್, ಲಸಿಕೆ, ಒಬ್ಬ ಟ್ರೇನರ್, ಬಡ್ಡಿ ಎಲ್ಲ ಸೇರಿ.

ಲೆಕ್ಕದ ಹೆಗಡೆ

ಹಾಗಾದರೆ ಎರಡೂ ಸೂತ್ರದಲ್ಲಿ ಲೆಕ್ಕ ಹಾಕಿ, ಕೆಟ್ಟದ್ದರಲ್ಲೂ ನಿಲ್ಲುವ ಬೆಲೆ ಕೊಡಿ. ನಿಮ್ಮ 76 ಅಂಕ, ಅವರ 60 ಅಂತ ಹಿಡಿದರೆ, Tmax ಇಲ್ಲದ ಸೂತ್ರದಲ್ಲಿ ನಿಮ್ಮ ಬೆಲೆ ಅವರಿಗಿಂತ ಸುಮಾರು 7% ದಾಟಿದರೆ ಸೋಲು. 8 ಆದರೆ ಹೋಯಿತು. ಟ್ರೇನರ್‌ನನ್ನು ನಿಮ್ಮ ಬೇರೆ ಸೈಟ್‌ಗಳ ಜೊತೆ ಹಂಚಿಕೊಳ್ಳಬಹುದಾ ನೋಡಿ. ರಿಲೀವರ್ ಮುಟ್ಟಬೇಡಿ.

ಫೈಲ್ ಜೋಡಿಸುವಾಗ ಮೊದಲ ಹಾಳೆ ಅಂಕದ ಪಟ್ಟಿಯೇ ಆಗಿರಲಿ. ಅವರ ಟೆಂಡರ್‌ನ ಕ್ರಮದಲ್ಲೇ, ಪ್ರತಿ ಸಾಲಿನ ಎದುರು ಪುರಾವೆ ಇರುವ ಪುಟದ ಸಂಖ್ಯೆ. ಒಂದು ಮಧ್ಯಾಹ್ನದಲ್ಲಿ ನಾವು ಐದಾರು ಫೈಲ್ ನೋಡಬೇಕಾಗುತ್ತದೆ. ಸಿಗದ ಪುರಾವೆಗೆ ಅಂಕ ಇಲ್ಲ. ಕಂಪನಿ ಪರಿಚಯ ಎರಡು ಪುಟ ಸಾಕು. ಬೇರೆ ಆಸ್ಪತ್ರೆಯ ಹೆಸರು ಎಲ್ಲಾದರೂ ಉಳಿದಿದೆಯಾ ಅಂತ ಹುಡುಕಿ ತೆಗೆಯಿರಿ. ಅದು ಕಂಡ ಕೂಡಲೇ ಸಮಿತಿಗೆ ಉಳಿದ ಪುಟಗಳ ಮೇಲೂ ನಂಬಿಕೆ ಹೋಗುತ್ತದೆ.

ದಾವಣಗೆರೆ ಶಶಿ

ಸರಿ ಸರ್. ಟ್ರೇನರ್ ಅರ್ಧ ತಿಂಗಳು ಇಲ್ಲಿ, ಅರ್ಧ ಕಾಲೇಜಿನಲ್ಲಿ ಅಂತ ಮಾಡುತ್ತೇನೆ. ತಪಾಸಣೆಗೆ ವಿನಯ್ ಹೇಳಿದ ಹಾಗೆ ಮೂರು ತಿಂಗಳು ಜಂಟಿ ಅಳತೆ, ಆ ಮೇಲೆ ಗುರಿ ಅಂತ ಬರೆದೆ. ಪ್ರಕಾಶ್ ಸರ್ ಒಪ್ಪಲಿಕ್ಕಿಲ್ಲ.

ಕೊನೆಯ ಪ್ರಶ್ನೆ. ಪ್ರೆಸೆಂಟೇಶನ್‌ಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಯಾರು ಮಾತಾಡಬೇಕು? ನಾನೋ, ಇಂಗ್ಲಿಷ್ ಚೆನ್ನಾಗಿ ಬರುವ ನಮ್ಮ ಮ್ಯಾನೇಜರೋ?

ಮೈಸೂರು ಪ್ರಕಾಶ

ಮೂರು ತಿಂಗಳ ಜಂಟಿ ಅಳತೆಗೆ ನನ್ನ ಅಡ್ಡಿ ಇಲ್ಲ, ಗುರಿ ಇಬ್ಬರ ಸಹಿಯಿಂದಲೇ ಬರಲಿ ಅಂತ ಸೇರಿಸಿ.

ಆ ಸೈಟ್‌ಗೆ ಹೋಗಿ ನಿಲ್ಲುವ ಸೂಪರ್‌ವೈಸರ್ ಯಾರು? ಅವರನ್ನು ಕರೆದುಕೊಂಡು ಹೋಗಿ. ಮಹಡಿಯ ಹಾಳೆಯನ್ನು ಅವರೇ ವಿವರಿಸಲಿ, ಕನ್ನಡದಲ್ಲೇ.

ಲೆಕ್ಕದ ಹೆಗಡೆ

ಕೆಲವು ಕಡೆ ಅಧಿಕೃತ ಸಹಿದಾರರೇ ಮಾತಾಡಬೇಕು ಅಂತ ಷರತ್ತು ಇರುತ್ತದೆ, ನೋಡಿಕೊಳ್ಳಿ. ಇಲ್ಲದಿದ್ದರೆ ಇಬ್ಬರೂ ಹೋಗಿ. ಕೇಂದ್ರದ ಸಂಸ್ಥೆ, ಸಮಿತಿಯಲ್ಲಿ ಕನ್ನಡ ಬರದವರೂ ಇರಬಹುದು. ಆಗ ಮ್ಯಾನೇಜರ್ ಅನುವಾದ ಮಾಡಲಿ.

ಸಿಸ್ಟರ್ ಫರೀದಾ

ಸೂಪರ್‌ವೈಸರ್‌ಗೆ ರಕ್ತ ಚೆಲ್ಲಿದಾಗಿನ ಕೆಲಸ ಬಾಯಲ್ಲಿ ಬರಲಿ ಶಶಿ. ನಾನಾದರೆ ಮೊದಲು ಕೇಳೋದು ಅದನ್ನೇ.